ಬಾಡಿಗೆ ಕಡಿಮೆ ಮಾಡಿ ಅಂತ ಟೆನೆಂಟ್ ಕೇಳಿದಾಗ ಓನರ್ ಏನು ಬರೆಯಬೇಕು?

"ಅಂಕಲ್, ಹೋದ ತಿಂಗಳು ಕಂಪನಿಯಲ್ಲಿ ನಮ್ಮ ಟೀಮನ್ನೇ ತೆಗೆದುಬಿಟ್ಟರು. ಬೇರೆ ಕೆಲಸ ಹುಡುಕ್ತಾ ಇದ್ದೀನಿ. ಆರು ತಿಂಗಳ ಮಟ್ಟಿಗೆ ಬಾಡಿಗೆ ಅರ್ಧ ಮಾಡಿಕೊಡೋಕೆ ಆಗುತ್ತಾ?"

ಬೆಂಗಳೂರಿನ ಮನೆ ಓನರ್‌ಗಳ ಫೋನಿಗೆ ಇಂಥ ಮೆಸೇಜು ಬರುವುದು ಈಗ ಅಪರೂಪವೇನಲ್ಲ. ಇದಕ್ಕೆ ಸಾಮಾನ್ಯವಾಗಿ ಹೋಗುವ ಉತ್ತರಗಳು ಎರಡೇ. ಒಂದು, "ಆಗಲ್ಲಪ್ಪ, ಕಷ್ಟ ಆದ್ರೆ ಖಾಲಿ ಮಾಡಿ." ಇನ್ನೊಂದು, "ನೋಡೋಣ ಬಿಡಿ, ಹೇಗೋ ಅಡ್ಜಸ್ಟ್ ಮಾಡಿಕೊಳ್ಳೋಣ." ಮೊದಲನೆಯದು ಒರಟು, ಎರಡನೆಯದು ಒಳ್ಳೆಯತನ ಅಂತ ಅನ್ನಿಸುತ್ತದೆ. ಆದರೆ ಜಗಳಕ್ಕೆ ದಾರಿ ಮಾಡುವುದು ಜಾಸ್ತಿ ಎರಡನೆಯದೇ. ಆ ಮಾತನ್ನು ಟೆನೆಂಟ್ "ಅರ್ಧ ಬಿಟ್ಟುಕೊಟ್ಟರು" ಅಂತ ಓದಿಕೊಳ್ಳುತ್ತಾನೆ. ಓನರ್ ಮನಸ್ಸಿನಲ್ಲಿ ಇರುವುದು "ಕೆಲಸ ಸಿಕ್ಕಮೇಲೆ ಬಾಕಿ ಕೊಡ್ತಾನೆ" ಅಂತ. ಇಬ್ಬರ ಲೆಕ್ಕವೂ ಎದುರುಬದುರಾಗುವುದು ಮನೆ ಖಾಲಿ ಮಾಡುವ ದಿನ, ಅಡ್ವಾನ್ಸ್ ವಾಪಸ್ ಕೊಡುವ ಹೊತ್ತಿಗೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಕೆಲಸ ಹೋಯಿತು ಅನ್ನುವ ಕಾರಣಕ್ಕೆ ಬಾಡಿಗೆ ಕಡಿಮೆ ಮಾಡಿಸಿಕೊಳ್ಳುವ ಹಕ್ಕು ಟೆನೆಂಟ್‌ಗೆ ಇಲ್ಲ. ಅಗ್ರಿಮೆಂಟಿನಲ್ಲೇ ಹಾಗೆ ಬರೆದಿದ್ದರೆ ಮಾತ್ರ ಬೇರೆ ಮಾತು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಇಲ್ಲಿ ನೆರವಿಗೆ ಬರುವುದಿಲ್ಲ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ಮನೆಗಳನ್ನು ಆ ಕಾಯ್ದೆ ಹೊರಗೇ ಇಟ್ಟಿದೆ. ಬೆಂಗಳೂರಿನಲ್ಲಿ ಇವತ್ತು ಆ ಬೆಲೆಗೆ ಒಂದು ರೂಮೂ ಕಷ್ಟ. ಹಾಗಾಗಿ ಹೆಚ್ಚಿನ ಮನೆಗಳಿಗೆ ಅನ್ವಯವಾಗುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಜೊತೆಗೆ ನೀವು ಸಹಿ ಹಾಕಿದ 11 ತಿಂಗಳ ಅಗ್ರಿಮೆಂಟು.

ಕೋವಿಡ್ ಸಮಯದಲ್ಲೂ ಈ ನಿಲುವು ಬದಲಾಗಲಿಲ್ಲ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿ, ವಲಸೆ ಕಾರ್ಮಿಕರೂ ಸೇರಿದಂತೆ ಬಾಡಿಗೆಗಿರುವ ಕೆಲಸಗಾರರ ಹತ್ತಿರ ಒಂದು ತಿಂಗಳು ಬಾಡಿಗೆ ಕೇಳಬೇಡಿ ಅಂದಿತ್ತು. ಅದು ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ ಬಂದ ತುರ್ತು ಆದೇಶ. ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿಯ ಖಾನ್ ಮಾರ್ಕೆಟ್‌ನ ಒಂದು ಅಂಗಡಿಯ ಬಾಡಿಗೆ ವಿಚಾರ ದೆಹಲಿ ಹೈಕೋರ್ಟಿಗೆ ಹೋಯಿತು. ಲಾಕ್‌ಡೌನ್‌ನಿಂದ ವ್ಯಾಪಾರವೇ ಇಲ್ಲ, ಬಾಡಿಗೆ ನಿಲ್ಲಿಸಿಕೊಡಿ ಅನ್ನುವುದು ಬಾಡಿಗೆದಾರನ ಕೋರಿಕೆ. ಕೋರ್ಟ್ ಒಪ್ಪಲಿಲ್ಲ. ಕಟ್ಟಲು ಸ್ವಲ್ಪ ಸಮಯ ಕೊಟ್ಟಿತು, ಅಷ್ಟೇ. ಲಾಕ್‌ಡೌನ್‌ಗೇ ಹೀಗಾದರೆ, ಒಬ್ಬರ ಕೆಲಸ ಹೋದದ್ದಕ್ಕೆ ಕೋರ್ಟ್ ಬಾಡಿಗೆ ಇಳಿಸಿಕೊಡುತ್ತದೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ಹಾಗಂತ ಎಲ್ಲವೂ ಓನರ್ ಕೈಯಲ್ಲೇ ಇದೆ ಅಂತಲೂ ಅಲ್ಲ. ಬಾಡಿಗೆ ಕಟ್ಟದೆ ಇರುವುದು ಅಪರಾಧವಲ್ಲ, ಸಿವಿಲ್ ವಿಚಾರ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದ್ದರಿಂದ "ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಅನ್ನುವ ಬೆದರಿಕೆಯಿಂದ ಬಾಡಿಗೆ ವಸೂಲಾಗುವುದಿಲ್ಲ. ಬೀಗ ಬದಲಾಯಿಸಿ ಹೊರಗೆ ಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ವಾಪಸ್ ಪಡೆಯಲು ಟೆನೆಂಟ್‌ಗೆ ಕಾನೂನಿನಲ್ಲಿ ದಾರಿ ಇದೆ. ಸರಿಯಾಗಿ ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯಬಹುದು. ಅಂದರೆ ಕಾಗದದ ಮೇಲೆ ಓನರ್ ಬಲಶಾಲಿ, ಆದರೆ ಆ ಬಲವನ್ನು ಬಳಸಲು ಹೋದರೆ ಖರ್ಚು ಜಾಸ್ತಿ. ಕೊನೆಗೆ ಇದು ಲೆಕ್ಕ ಹಾಕಿ ತೀರ್ಮಾನಿಸಬೇಕಾದ ವಿಷಯ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬನಶಂಕರಿ ಕಡೆ ಒಂದು ಮೂರಂತಸ್ತಿನ ಮನೆ. ನೆಲಮಹಡಿಯಲ್ಲಿ ಓನರ್ ದಂಪತಿ, ಅವರು ರಿಟೈರ್ ಆದವರು. ಫಸ್ಟ್ ಫ್ಲೋರಿನಲ್ಲಿ ಎರಡು ಬೆಡ್‌ರೂಮಿನ ಮನೆ, ಬಾಡಿಗೆ 24,000, ಅಡ್ವಾನ್ಸ್ ಒಂದೂವರೆ ಲಕ್ಷ. ಅಗ್ರಿಮೆಂಟ್ ರಿನ್ಯೂ ಆದಾಗಲೆಲ್ಲ ಬಾಡಿಗೆ 5 ಪರ್ಸೆಂಟ್ ಏರುತ್ತದೆ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಅಂತ ಹಿಡಿಯುತ್ತಾರೆ. ಮಹಡಿ ಕಟ್ಟಲು ಮಾಡಿದ ಸಾಲಕ್ಕೆ ಓನರ್ ತಿಂಗಳಿಗೆ 18,000 ಇಎಂಐ ಕಟ್ಟುತ್ತಾರೆ. ಟೆನೆಂಟ್‌ಗೆ ಕೆಲಸ ಹೋಗಿದೆ, ಕಂಪನಿ ಕೊಟ್ಟ ಎರಡು ತಿಂಗಳ ಸಂಬಳ ಕೈಯಲ್ಲಿದೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಕೈಗೆ 28,000 ಬರುತ್ತದೆ.

ಟೆನೆಂಟ್ ಕೇಳಿದ್ದನ್ನು ಹಾಗೇ ಒಪ್ಪಿದರೆ ಓನರ್‌ಗೆ ಆರು ತಿಂಗಳಲ್ಲಿ 72,000 ಹೋಗುತ್ತದೆ. ಬೇಡ, ಖಾಲಿ ಮಾಡಿ ಅಂದರೆ? ಮನೆ ಕಡಿಮೆ ಅಂದರೂ ಒಂದು ತಿಂಗಳು ಖಾಲಿ ಇರುತ್ತದೆ ಅಂತ ಹಿಡಿದರೆ 24,000. ಪೇಂಟಿಂಗ್, ನಲ್ಲಿ, ಸಣ್ಣಪುಟ್ಟ ರಿಪೇರಿ ಎಲ್ಲ ಸೇರಿ 40,000 ಅಂದುಕೊಂಡರೆ, ಅಡ್ವಾನ್ಸಿನಲ್ಲಿ ಹಿಡಿದ 24,000 ಕಳೆದು ಕೈಯಿಂದ ಹೋಗುವುದು 16,000. ಬ್ರೋಕರ್‌ಗೆ ಅರ್ಧ ತಿಂಗಳು ಕೊಡಬೇಕಾಗಿ ಬಂದರೆ 12,000. ಒಟ್ಟು 52,000. ಮನೆ ಎರಡು ತಿಂಗಳು ಖಾಲಿ ಉಳಿದರೆ 76,000. ಅಂದರೆ ಖಾಲಿ ಮಾಡಿಸುವುದು ಬಿಟ್ಟಿ ಏನಲ್ಲ. ಇದರ ಜೊತೆಗೆ ಪೇಂಟಿಂಗ್ ದುಡ್ಡು ಹಿಡಿದು ಉಳಿದ 1,26,000 ಅಡ್ವಾನ್ಸನ್ನು ಒಂದೇ ಸಲ ಹೊಂದಿಸಿ ವಾಪಸ್ ಕೊಡಬೇಕು. ಅದನ್ನು ಬ್ಯಾಂಕಿನಲ್ಲಿ ಹಾಗೇ ಇಟ್ಟುಕೊಂಡಿರುವ ಓನರ್‌ಗಳು ಎಷ್ಟು ಜನ? ಸಾಮಾನ್ಯವಾಗಿ ಮುಂದಿನ ಟೆನೆಂಟ್ ಕೊಡುವ ಅಡ್ವಾನ್ಸಿನಿಂದಲೇ ಹಿಂದಿನವರಿಗೆ ಕೊಡುವುದು. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಲೆಕ್ಕ ಉಲ್ಟಾ ಹೊಡೆಯುವ ಸಂದರ್ಭವೂ ಇದೆ. ನಿಮ್ಮ ಬೀದಿಯಲ್ಲಿ ಅಂಥದ್ದೇ ಮನೆಗೆ ಈಗ 30,000 ಬಾಡಿಗೆ ನಡೆಯುತ್ತಿದ್ದರೆ, ಹೊಸ ಟೆನೆಂಟ್‌ನಿಂದ ವರ್ಷಕ್ಕೆ 72,000 ಜಾಸ್ತಿ ಬರುತ್ತದೆ. ಖಾಲಿ ಮಾಡಿಸಿದ ನಷ್ಟ ಹೆಚ್ಚುಕಮ್ಮಿ ಒಂದು ವರ್ಷದಲ್ಲಿ ತೀರುತ್ತದೆ. ಆದರೆ ನಡೆಯುವ ಬಾಡಿಗೆ 26,000 ಮಾತ್ರ ಆಗಿದ್ದರೆ ಲಾಭ ಕಾಣುವುದಿಲ್ಲ. ಯಾಕೆಂದರೆ ಹಳೆಯ ಟೆನೆಂಟೇ ಮುಂದಿನ ರಿನ್ಯೂವಲ್‌ನಲ್ಲಿ 25,200 ಕೊಡುತ್ತಿದ್ದ. ಆದ್ದರಿಂದ ಉತ್ತರ ಬರೆಯುವ ಮುಂಚೆ ಅಕ್ಕಪಕ್ಕದ ಟು-ಲೆಟ್ ಬೋರ್ಡುಗಳ ನಂಬರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಚದರ ಅಡಿಗೆ ಇಷ್ಟು ಅಂತ ವೆಬ್‌ಸೈಟಿನಲ್ಲಿ ಹಾಕಿದ ಬಾಡಿಗೆ ಓನರ್ ಕೇಳುವ ಬೆಲೆ, ಮನೆ ಹೋಗುವ ಬೆಲೆ ಅಲ್ಲ.

ಈಗ ಬೆಂಗಳೂರಿಗೇ ವಿಶೇಷವಾದ ವಿಷಯಕ್ಕೆ ಬರೋಣ. ಇಲ್ಲಿ ಐದಾರು ತಿಂಗಳ, ಕೆಲವು ಕಡೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಅಂತ ತೆಗೆದುಕೊಳ್ಳುವ ರೂಢಿ ಇದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಮಿತಿ ಇದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಕಾನೂನು. ಈ ದೊಡ್ಡ ಅಡ್ವಾನ್ಸ್ ಟೆನೆಂಟ್‌ಗಳ ಪಾಲಿಗೆ ಹೊರೆ ಅನ್ನುವುದು ನಿಜ. ಆದರೆ ಆದಾಯ ನಿಂತಾಗ ಇದೇ ದುಡ್ಡು ಇಬ್ಬರನ್ನೂ ಕಾಯಬಲ್ಲದು. "ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಸಾರ್" ಅಂದರೆ ಓನರ್‌ಗಳಿಗೆ ಯಾಕೋ ಸಿಟ್ಟು ಬರುತ್ತದೆ, ಏನೋ ದಾನ ಕೇಳಿದ ಹಾಗೆ. ದಾನದ ಮಾತೇ ಅಲ್ಲ ಅದು. ದುಡ್ಡು ಟೆನೆಂಟ್‌ದು, ಓನರ್ ಹತ್ತಿರ ಇದೆ, ಎಂದಾದರೂ ವಾಪಸ್ ಕೊಡಲೇಬೇಕು. ಅದರಲ್ಲಿ ಮುರಿದುಕೊಂಡರೆ ಓನರ್‌ಗೆ ಒಂದು ರೂಪಾಯಿಯೂ ನಷ್ಟವಿಲ್ಲ. ಕಮ್ಮಿಯಾಗುವುದು ಭದ್ರತೆ.

ಎಷ್ಟರವರೆಗೆ ಕಮ್ಮಿಯಾಗಬಹುದು? ನನ್ನ ಪ್ರಕಾರ ಮೂರು ತಿಂಗಳ ಬಾಡಿಗೆಯಷ್ಟು ಉಳಿಯಬೇಕು. ಪೇಂಟಿಂಗ್‌ಗೆ ಒಂದು ತಿಂಗಳು, ಬಾಡಿಗೆ ನಿಂತೇ ಹೋದರೆ ವಿಷಯ ಮಾತಾಡಿ ಬಗೆಹರಿಸಲು ಎರಡು ತಿಂಗಳು. ನಮ್ಮ ಉದಾಹರಣೆಯಲ್ಲಿ ಅದು 72,000. ಒಂದೂವರೆ ಲಕ್ಷದಲ್ಲಿ 78,000ದಷ್ಟು ಜಾಗ ಇದೆ ಅಂತಾಯಿತು. ಎರಡೇ ತಿಂಗಳ ಅಡ್ವಾನ್ಸ್ ಇರುವ ಮನೆಗಳಲ್ಲಿ ಈ ದಾರಿ ಇಲ್ಲ. ಅಲ್ಲಿ ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟುಕೊಡಬೇಕು, ಇಲ್ಲವೇ ಕಟ್ಟುವುದನ್ನು ಮುಂದಕ್ಕೆ ಹಾಕಬೇಕು. ಮುಂದಕ್ಕೆ ಹಾಕುವುದರಲ್ಲಿ ಒಂದು ತೊಂದರೆ ಇದೆ. ಕೆಲಸ ಹೋದ ಮನುಷ್ಯನಿಗೆ ಅದು ಹೊಸ ಸಾಲ ಆಗುತ್ತದೆ. ಕೆಲಸ ಸಿಕ್ಕ ಕೂಡಲೇ ಅವನ ಮುಂದೆ ಕ್ರೆಡಿಟ್ ಕಾರ್ಡ್, ಸ್ಕೂಲ್ ಫೀಸು, ಬೈಕ್ ಲೋನು ಎಲ್ಲ ಸಾಲಾಗಿ ನಿಂತಿರುತ್ತವೆ. ಆ ಸಾಲಿನಲ್ಲಿ ಹಳೆ ಬಾಡಿಗೆ ಬಾಕಿ ಕೊನೆಗೆ ನಿಲ್ಲುತ್ತದೆ.

ಹಾಗಾದರೆ ಓನರ್ ಏನು ಬರೆಯಬಹುದು? ಬರೆಯುವ ಮುಂಚೆ ಒಂದು ಸಲ ಎದುರಿಗೆ ಕೂತು ಮಾತಾಡಬೇಕು. "ಎಷ್ಟು ಕಮ್ಮಿ ಬೀಳುತ್ತೆ" ಅಂತ ಕೇಳಿದರೆ ಟೆನೆಂಟ್ ಅಂದಾಜಿನಲ್ಲಿ ಅರ್ಧ ಅನ್ನುತ್ತಾನೆ. "ತಪ್ಪದೆ ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಎಷ್ಟು ಕಟ್ಟೋಕಾಗುತ್ತೆ" ಅಂತ ಕೇಳಿದರೆ ಮನೆಗೆ ಹೋಗಿ ಹೆಂಡತಿ ಜೊತೆ ಲೆಕ್ಕ ಹಾಕಿಕೊಂಡು ಬರುತ್ತಾನೆ. ಕಂಪನಿಯಿಂದ ಬಂದ ದುಡ್ಡು ಯಾವ ತಿಂಗಳವರೆಗೆ ಬರುತ್ತದೆ ಅಂತಲೂ ಕೇಳಬೇಕು. ಎರಡು ತಿಂಗಳ ಸಂಬಳ ಕೈಯಲ್ಲಿರುವಾಗ ನಿಜವಾದ ಕಷ್ಟ ಶುರುವಾಗುವುದು ಮೂರನೇ ತಿಂಗಳಿಂದ. ಕೆಲಸ ಹೋದದ್ದಕ್ಕೆ ಪತ್ರ ತೋರಿಸಿ ಅಂತ ಪಟ್ಟು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಬಾಡಿಗೆ ದಿನಕ್ಕೆ ಮುಂಚೆಯೇ ಬಂದು ಹೇಳಿದವನು, ಈವರೆಗೆ ತಾರೀಕು ತಪ್ಪಿಸದವನು ಅನ್ನುವುದು ಆ ಪತ್ರಕ್ಕಿಂತ ಜಾಸ್ತಿ ಹೇಳುತ್ತದೆ. ಎರಡು ತಿಂಗಳು ಫೋನ್ ಎತ್ತದೆ ಇದ್ದು ಆಮೇಲೆ ಕಥೆ ಹೇಳುವವರ ವಿಷಯ ಬೇರೆ.

ಆಮೇಲೆ ಈ ಥರ ಬರೆಯಬಹುದು. ವಾಟ್ಸ್‌ಆ್ಯಪ್ ಆದರೂ ಸಾಕು, ಆದರೆ ಟೆನೆಂಟ್ "ಒಪ್ಪಿಗೆ ಇದೆ" ಅಂತ ಉತ್ತರ ಕಳಿಸಬೇಕು. ಪ್ರಿಂಟ್ ತೆಗೆದು ಇಬ್ಬರೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು.

"ನಿನ್ನೆ ಮಾತಾಡಿದ ಪ್ರಕಾರ ಬರೆಯುತ್ತಿದ್ದೇನೆ. ಅಗ್ರಿಮೆಂಟ್ ಪ್ರಕಾರ ನಿಮ್ಮ ಬಾಡಿಗೆ 24,000. ಅದು ಹಾಗೇ ಇರುತ್ತದೆ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಈ ನಾಲ್ಕು ತಿಂಗಳಿಗೆ ಮಾತ್ರ ಹೀಗೆ ಮಾಡೋಣ. ತಿಂಗಳಿಗೆ 14,000 ನೀವು ಐದನೇ ತಾರೀಕಿನೊಳಗೆ ಅಕೌಂಟಿಗೆ ಹಾಕಿ. 6,000 ನಿಮ್ಮ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇನೆ. ಉಳಿದ 4,000 ನಾನು ಬಿಟ್ಟಿದ್ದೇನೆ, ಅದನ್ನು ಮುಂದೆ ಕೇಳುವುದಿಲ್ಲ. ಸೆಪ್ಟೆಂಬರ್ ಕೊನೆಗೆ ನಿಮ್ಮ ಅಡ್ವಾನ್ಸ್ 1,26,000 ಉಳಿದಿರುತ್ತದೆ. ನೀರು, ಕರೆಂಟ್ ಬಿಲ್ ಎಂದಿನಂತೆ ನಿಮ್ಮದು. ಮಧ್ಯೆ ಕೆಲಸ ಸಿಕ್ಕರೆ ಮೊದಲ ಸಂಬಳ ಬಂದ ಮುಂದಿನ ತಿಂಗಳಿಂದ ಪೂರ್ತಿ ಬಾಡಿಗೆ. ಸಿಗದಿದ್ದರೆ ಸೆಪ್ಟೆಂಬರ್ 20ರೊಳಗೆ ಇನ್ನೊಂದು ಸಲ ಕೂತು ಮಾತಾಡೋಣ. ಒಪ್ಪಿಗೆಯಾದರೆ ತಿಳಿಸಿ."

ಟೆನೆಂಟ್ ಕೇಳಿದ್ದು 12,000 ಕಟ್ಟಲು. ಈಗ ಕಟ್ಟಬೇಕಾದದ್ದು 14,000. ಅವನಿಗೆ ತಿಂಗಳಿಗೆ 10,000ದಷ್ಟು ಹೊರೆ ಇಳಿಯಿತು. ಓನರ್ ನಿಜವಾಗಿ ಕಳೆದುಕೊಂಡದ್ದು ನಾಲ್ಕು ತಿಂಗಳಿಗೆ 16,000 ಮಾತ್ರ, ಖಾಲಿ ಮಾಡಿಸಿದ್ದರೆ ಆಗುತ್ತಿದ್ದ ನಷ್ಟದ ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ಇಎಂಐಗೆ ತಿಂಗಳಿಗೆ 4,000 ಮಾತ್ರ ಪೆನ್ಷನ್‌ನಿಂದ ಹಾಕಿಕೊಳ್ಳಬೇಕು. ನಾಲ್ಕು ತಿಂಗಳಾದ ಮೇಲೆ ಯಾರಿಗೂ ಯಾರ ಬಾಕಿಯೂ ಇರುವುದಿಲ್ಲ. ಅಡ್ವಾನ್ಸ್ 24,000 ಇಳಿದಿರುತ್ತದೆ, ಅಷ್ಟೇ. ಅದನ್ನು ಮತ್ತೆ ತುಂಬಿಸಿ ಅಂತ ಕೇಳುವ ಅಗತ್ಯವೂ ಇಲ್ಲ. ಇನ್ನೂ ಐದು ತಿಂಗಳ ಬಾಡಿಗೆಗಿಂತ ಜಾಸ್ತಿಯೇ ಇದೆ.

ಆ ಮೆಸೇಜಿನಲ್ಲಿ "ಬಾಡಿಗೆ 24,000, ಅದು ಹಾಗೇ ಇರುತ್ತದೆ" ಅನ್ನುವ ಸಾಲನ್ನು ಬಿಡಬಾರದು. ಇಲ್ಲದಿದ್ದರೆ ರಿನ್ಯೂವಲ್ ಹೊತ್ತಿಗೆ 5 ಪರ್ಸೆಂಟ್ ಯಾವುದರ ಮೇಲೆ ಅನ್ನುವ ಪ್ರಶ್ನೆ ಏಳುತ್ತದೆ. ಅಗ್ರಿಮೆಂಟ್ ಅವಧಿ ಮುಗಿದು ಹೊಸದು ಬರೆಯದೆ ಹಾಗೇ ಇದ್ದರೆ, ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಅಂತ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆಗ ಇತ್ತೀಚಿನ ತಿಂಗಳುಗಳಲ್ಲಿ ಕಟ್ಟಿದ್ದೇ ಬಾಡಿಗೆ ಅಂತ ವಾದ ಮಾಡಲು ಜಾಗ ಸಿಗುತ್ತದೆ. "ಮುಂದೆ ಕೇಳುವುದಿಲ್ಲ" ಅನ್ನುವ ಮಾತಿಗೂ ತೂಕ ಇದೆ. ಬರಬೇಕಾದದ್ದನ್ನು ಬಿಟ್ಟುಕೊಟ್ಟರೆ, ಅದಕ್ಕೆ ಪ್ರತಿಯಾಗಿ ಏನೂ ಪಡೆಯದಿದ್ದರೂ, ಆ ಬಿಟ್ಟದ್ದು ಊರ್ಜಿತ ಅಂತ 1872ರ ಕರಾರು ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಮನಸ್ಸಿಲ್ಲದೆ ಆ ಸಾಲು ಬರೆಯಬೇಡಿ. ಬರೆದಮೇಲೆ ಎರಡು ವರ್ಷ ಬಿಟ್ಟು ಅಡ್ವಾನ್ಸಿನಲ್ಲಿ ಹಿಡಿಯಲು ಹೋಗಬೇಡಿ.

ರಸೀದಿಯ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಆ ನಾಲ್ಕು ತಿಂಗಳಿಗೆ ರಸೀದಿ ಎಷ್ಟಕ್ಕೆ? 24,000ಕ್ಕೂ ಅಲ್ಲ, 14,000ಕ್ಕೂ ಅಲ್ಲ, 20,000ಕ್ಕೆ. ಬ್ಯಾಂಕಿಗೆ ಬಂದದ್ದು 14,000, ಅಡ್ವಾನ್ಸಿನಲ್ಲಿ ಮುರಿದದ್ದು 6,000 ಅಂತ ಬಿಡಿಸಿ ಬರೆಯಬೇಕು. ಅಡ್ವಾನ್ಸಿನಲ್ಲಿ ಮುರಿದ ಗಳಿಗೆಗೆ ಅದು ಬಾಡಿಗೆ ಆಯಿತು, ಓನರ್‌ನ ಆದಾಯಕ್ಕೆ ಸೇರಿತು. ಟೀಚರ್ ಹೆಂಡತಿ ಬಾಡಿಗೆ ಕಟ್ಟಿ ಎಚ್‌ಆರ್‌ಎ ಕ್ಲೇಮ್ ಮಾಡುವವರಾದರೆ "ಸುಮ್ನೆ 24,000ಕ್ಕೇ ಕೊಟ್ಟುಬಿಡಿ ಅಂಕಲ್" ಅಂತ ಕೇಳಬಹುದು. ಕೊಡಬಾರದು. ಬರದೇ ಇರುವ 4,000ಕ್ಕೆ ಓನರ್ ತೆರಿಗೆ ಲೆಕ್ಕ ಕೊಡಬೇಕಾಗುತ್ತದೆ. ಓನರ್‌ಗೂ ಇದೇ ಕಾರಣಕ್ಕೆ ಬರಹ ಬೇಕು. ಮನೆ ಬಾಡಿಗೆ ಆದಾಯದ ತೆರಿಗೆ ಬಂದ ಬಾಡಿಗೆಗೆ ಮಾತ್ರವಲ್ಲ, ಬರಬೇಕಾದ ಬಾಡಿಗೆಗೂ ಬೀಳುತ್ತದೆ. ವಸೂಲಾಗದ ಬಾಕಿಯನ್ನು ಕಳೆಯಲು ಹೋದರೆ ಟೆನೆಂಟ್ ಖಾಲಿ ಮಾಡಿದ್ದಾನಾ, ವಸೂಲಿಗೆ ಏನು ಕ್ರಮ ತೆಗೆದುಕೊಂಡಿರಿ ಅಂತೆಲ್ಲ ಷರತ್ತುಗಳಿವೆ. ಮೊದಲೇ ಬರೆದು ಬಿಟ್ಟುಕೊಟ್ಟಿದ್ದರೆ ಅದು ಬಾಕಿಯೇ ಅಲ್ಲ ಅಂತ ತೋರಿಸಲು ಕಾಗದ ಇರುತ್ತದೆ.

ಓನರ್‌ಗಳ ಇನ್ನೊಂದು ಭಯ, ಸೆಕೆಂಡ್ ಫ್ಲೋರಿನವರಿಗೆ ಗೊತ್ತಾದರೆ ಅವರೂ ಕೇಳುತ್ತಾರೆ ಅನ್ನುವುದು. ಕೇಳಲಿ. ಕಾರಣ, ತಿಂಗಳು, ಅಂಕಿ ಮೂರೂ ಬರಹದಲ್ಲಿ ಇರುವುದರಿಂದ "ಅವರಿಗೆ ಯಾಕೆ, ನಮಗೆ ಯಾಕಿಲ್ಲ" ಅನ್ನುವುದಕ್ಕೆ ಉತ್ತರ ಕೊಡಬಹುದು.

ಏರ್ಪಾಡು ಕೈಕೊಡುತ್ತಿದೆ ಅಂತ ತಿಳಿಯುವುದು ಎರಡನೇ ತಿಂಗಳಲ್ಲಿ. ಒಪ್ಪಿಕೊಂಡ 14,000ವೇ ಹದಿನೈದಕ್ಕೆ ಬಂತು, ಅಥವಾ 9,000 ಬಂತು ಅಂದರೆ ಟೆನೆಂಟ್‌ಗೆ ಈ ಮನೆಯೇ ಭಾರ ಆಗಿದೆ. ಆಗ ನಾಲ್ಕು ತಿಂಗಳು ಮುಗಿಯಲಿ ಅಂತ ಕಾಯಬಾರದು. ಹಾಗಂತ ಒಂದು ಕಡೆ ಖಾಲಿ ಮಾಡಿ ಅಂತ ನೋಟಿಸ್ ಕೊಟ್ಟು, ಇನ್ನೊಂದು ಕಡೆ ಏನೂ ಹೇಳದೆ ಮುಂದಿನ ತಿಂಗಳುಗಳ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ನೋಟಿಸನ್ನೇ ಕೈಬಿಟ್ಟ ಹಾಗೆ ಆಗಬಹುದು.

ಕೆಲವು ಓನರ್‌ಗಳಿಗೆ ಏನೂ ಬಿಡಲು ಆಗುವುದಿಲ್ಲ. ಬಾಡಿಗೆಯೇ ಅವರ ಅನ್ನ, ಅಡ್ವಾನ್ಸ್ ಮಗಳ ಮದುವೆಗೆ ಖರ್ಚಾಗಿದೆ. ಅಂಥವರು ಇಲ್ಲ ಅನ್ನುವುದು ತಪ್ಪಲ್ಲ. ಆದರೆ ಹಾಗೆ ಇಲ್ಲ ಅನ್ನುವುದರ ಜೊತೆ ಟೆನೆಂಟ್ ಹೊರಡಲು ದಾರಿಯೂ ಇರಬೇಕು. ಕೆಲಸ ಇಲ್ಲದವನು 14,000ದ ಚಿಕ್ಕ ಮನೆಗೆ ಹೋಗಬೇಕಾದರೆ ಅಲ್ಲೂ ಅಡ್ವಾನ್ಸ್ ಕೊಡಬೇಕು. ಆ ದುಡ್ಡು ಸಿಕ್ಕಿಕೊಂಡಿರುವುದು ನಿಮ್ಮ ಹತ್ತಿರ. "ಖಾಲಿ ಮಾಡಿ, ಅಡ್ವಾನ್ಸ್ ಹದಿನೈದು ದಿನ ಬಿಟ್ಟು ಕೊಡ್ತೀನಿ" ಅಂದರೆ ಅವನು ಖಾಲಿ ಮಾಡಲಾರ. ಇರಲೂ ಆಗದೆ, ಹೋಗಲೂ ಆಗದೆ ಬಾಡಿಗೆ ಬಾಕಿ ಬೆಳೆಯುತ್ತದೆ. ಇಂಥ ಓನರ್ ಬರೆಯಬೇಕಾದದ್ದು ಇದು: "ಬಾಡಿಗೆ ಇಳಿಸೋಕೆ ನನ್ನ ಕೈಲಿ ಆಗ್ತಿಲ್ಲ, ಬೇಜಾರು ಮಾಡ್ಕೋಬೇಡಿ. ಎರಡು ತಿಂಗಳ ನೋಟಿಸ್ ಬೇಕಿಲ್ಲ, ಮನೆ ಸಿಕ್ಕಿದ ದಿನ ಹೇಳಿ. ಹೊಸ ಮನೆಗೆ ಕೊಡೋಕೆ 50,000 ಮೊದಲೇ ಹಾಕ್ತೀನಿ. ಮಿಕ್ಕಿದ್ದು ಪೇಂಟಿಂಗ್ ಕಳೆದು ಕೀ ಕೊಟ್ಟ ದಿನ."

ಅದಕ್ಕಾಗಿ ಆ 50,000ವನ್ನು ಓನರ್ ಎಲ್ಲಿಂದಾದರೂ ಹೊಂದಿಸಬೇಕು. ಟೆನೆಂಟ್ ಇರುವಾಗಲೇ ಟು-ಲೆಟ್ ಬೋರ್ಡ್ ಹಾಕಿ, ಅವನ ಅನುಕೂಲ ನೋಡಿಕೊಂಡು ಮನೆ ತೋರಿಸಿ, ಹೊಸಬರಿಂದ ಟೋಕನ್ ಅಡ್ವಾನ್ಸ್ ತೆಗೆದುಕೊಂಡರೆ ಅದರಿಂದಲೇ ಕೊಡಬಹುದು. ಮನೆ ಖಾಲಿ ಇರುವ ದಿನಗಳೂ ಕಮ್ಮಿಯಾಗುತ್ತವೆ. ಕೀ ತೆಗೆದುಕೊಳ್ಳುವ ದಿನ ಕರೆಂಟ್ ಮೀಟರಿನ ರೀಡಿಂಗ್ ಫೋಟೋ ತೆಗೆದು, ಬಾಕಿ ಬಿಲ್ ಮತ್ತು ಪೇಂಟಿಂಗ್ ಕಳೆದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಉಳಿದದ್ದನ್ನು ಅಲ್ಲೇ ಬ್ಯಾಂಕಿಗೆ ಕಳಿಸಬೇಕು.